ಖಾಲಿ ಉಳಿದ ರಿಪೋರ್ಟು

ಸೊಲ್ಲಾಪುರದ ಒಂದು ಟ್ರಸ್ಟಿನ ದವಾಖಾನೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರಲ್ಲಿ ಇಂಟರ್ನೆಟ್ ಅಂದರೆ ಫೋನಿನ ತಂತಿಯಲ್ಲಿ ಕಿರುಚಿ ಕಿರುಚಿ ಬರುವ ವಸ್ತು. ನಮ್ಮ ದವಾಖಾನೆಗೆ ಅದೂ ಇರಲಿಲ್ಲ. ಆದರೂ ನಮ್ಮದೇ ಒಂದು ವೆಬ್ ಸರ್ವರ್ ಇತ್ತು, ಕಟ್ಟಡದ ಒಳಗಷ್ಟೇ ನಡೆಯುವಂಥದು. ಕೆಳಗಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ರಿಪೋರ್ಟನ್ನು ಟೈಪ್ ಮಾಡಿ ಒಂದು ಗುಂಡಿ ಒತ್ತಿದರೆ ಮೇಲಿನ ವಾರ್ಡುಗಳ ಪರದೆಯ ಮೇಲೆ ಅದು ಕಾಣಬೇಕು. ವೈದ್ಯರು ಕಾಯಬಾರದೆಂದು ಆ ಪರದೆಗಳು ಹತ್ತು ಹತ್ತು ಸೆಕೆಂಡಿಗೆ ತಾವಾಗಿಯೇ ಪುಟವನ್ನು ಹೊಸದಾಗಿ ತರಿಸಿಕೊಳ್ಳುತ್ತಿದ್ದವು.

ಸೂಪರಿಂಟೆಂಡೆಂಟ್ ಡಾಕ್ಟರಿಗೆ ಈ ಯಂತ್ರದ ಮೇಲೆ ಮಗನಿಗಿಂತ ಹೆಚ್ಚು ಪ್ರೀತಿ. ಅದು ಬಂದ ತಿಂಗಳೇ ಹುಕುಂ ಹೊರಡಿಸಿದರು: ಹಗಲಿನಲ್ಲಿ ಲ್ಯಾಬಿನವರು ಫೋನ್ ಮಾಡಿ ರಿಪೋರ್ಟ್ ಹೇಳಬಾರದು, ಚೀಟಿ ಕಳಿಸಬಾರದು. ಎಲ್ಲ ಪರದೆಯ ಮೇಲೆ. ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಯಂತ್ರವನ್ನು ಬಂದ್ ಮಾಡಿ ಕಂಪ್ಯೂಟರ್ ಕೋಣೆಗೆ ಕೀಲಿ ಹಾಕುವುದೂ ಅವರದೇ ಪದ್ಧತಿ. ಕರೆಂಟಿನ ಭರವಸೆ ಇರಲಿಲ್ಲ, ಬ್ಯಾಟರಿಗಳು ಹಾಳಾಗುತ್ತವೆ ಎಂಬ ಚಿಂತೆ. ರಾತ್ರಿ ಪಾಳಿಗೆ ಹಳೆಯ ಚೀಟಿಗಳೇ ನಡೆಯುತ್ತಿದ್ದವು.

ಇನ್ನೊಂದು ಪದ್ಧತಿ ಟ್ರಸ್ಟಿನ ಹಿರಿಯರದು. ಪ್ರತಿ ಪುಟದ ನೆತ್ತಿಯ ಮೇಲೆ ದೇವರ ಫೋಟೋ ಇರಲೇಬೇಕು. ಗುರುವಾರ ದೇವರಿಗೆ ಹೊಸ ಹಾರ ಬೀಳುತ್ತದಲ್ಲ, ಅದರ ಹೊಸ ಫೋಟೋ ತೆಗೆದು ಸ್ಕ್ಯಾನ್ ಮಾಡಿ ಹಳೆಯದನ್ನು ತೆಗೆದುಹಾಕಬೇಕು. ಬಾಡಿದ ಹೂವು ದೇವರ ಮೈಮೇಲೆ ಉಳಿಯಬಾರದಂತೆ, ಪರದೆಯ ಮೇಲೂ! ಒಂದು ಗುರುವಾರ ಸ್ಕ್ಯಾನರ್ ಕೆಟ್ಟಿತು. ಹಿರಿಯರ ಅಪ್ಪಣೆಯಂತೆ ಹಳೆಯದು ಹೋಯಿತು, ಹೊಸದು ಬರಲಿಲ್ಲ. ಫೋಟೋ ಇದ್ದ ಜಾಗದಲ್ಲಿ ಒಂದು ಖಾಲಿ ಚೌಕ ಕೂತಿತು. ಸ್ಕ್ಯಾನರ್ ರಿಪೇರಿಗೆ ಪುಣೆಗೆ ಹೋಯಿತು, ವಾರಗಟ್ಟಲೆ ತಿರುಗಿ ಬರಲಿಲ್ಲ. ಚೌಕಕ್ಕೆ ಎಲ್ಲರೂ ಒಗ್ಗಿಹೋದರು.

ಆಮೇಲೆ ವಿಚಿತ್ರಗಳು ಶುರುವಾದವು. ಪ್ರಿಂಟರಿಗೆ ಕಳಿಸಿದ ಕಾಗದ ಬಾರದು. ಒಬ್ಬ ರೋಗಿಯ ರಿಪೋರ್ಟ್ ಪೂರ್ತಿ ಕಂಡರೆ ಇನ್ನೊಬ್ಬನದು ಅರ್ಧಕ್ಕೇ ಕತ್ತರಿಸಿದಂತೆ ನಿಲ್ಲುವುದು. ಕೆಲವರದು ನಂಬರ್ ಮಾತ್ರ ಪಟ್ಟಿಯಲ್ಲಿ, ತೆರೆದರೆ ಬಿಳಿ ಪುಟ. ಬೆಳಿಗ್ಗೆ ಯಂತ್ರ ಹಚ್ಚಿದಾಗ ಎಲ್ಲ ಸುಸೂತ್ರ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದೇ ಗೋಳು. ನಾನು ಕೇಬಲ್ ಬದಲಿಸಿದೆ, ಪ್ರಿಂಟರನ್ನು ಬೈದೆ. ಬಿಳಿ ಪುಟ ಕಂಡರೆ ವಾರ್ಡಿನ ಸಿಸ್ಟರುಗಳು "ಇನ್ನೂ ಟೈಪ್ ಮಾಡಾಕತ್ತಾರ" ಎಂದುಕೊಂಡು ಕಾಯುವುದನ್ನು ಕಲಿತರು. ಆ ಕಲಿಕೆಯೇ ಕುತ್ತಾಯಿತು.

ಹೋಟಗಿಯಿಂದ ಒಬ್ಬ ಅಜ್ಜಿಯನ್ನು ತಂದು ಹಾಕಿದ್ದರು. ಗಂಡ ರೈಲ್ವೆಯಲ್ಲಿ ಹಳಿ ಕಾಯುವ ಕೆಲಸ ಮಾಡಿ ನಿವೃತ್ತನಾದವನು. ಅಜ್ಜಿಯ ಕಿಡ್ನಿ ಸೋತಿತ್ತು. ರಕ್ತದಲ್ಲಿ ಪೊಟ್ಯಾಶಿಯಂ ಎಷ್ಟಿದೆ ಎಂದು ತಿಳಿಯಬೇಕಿತ್ತು. ಅದು ವಿಪರೀತ ಏರಿದರೆ ಹೃದಯ ನಿಂತುಬಿಡುತ್ತದೆ. ವಿಪರೀತವೇ ಏರಿತ್ತು. ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುತ್ತಿದ್ದ ಹೆಣ್ಣುಮಗಳು, ನಾವೆಲ್ಲ ಬಾಯಾರು ಎಂದೇ ಕರೆಯುತ್ತಿದ್ದವರು, ಹನ್ನೊಂದೂವರೆಯ ಸುಮಾರಿಗೆ ಅದನ್ನು ಟೈಪ್ ಮಾಡಿ ಗುಂಡಿ ಒತ್ತಿದರು. ಪರದೆ "ಜಮಾ ಆಗಿದೆ" ಎಂದಿತು. ಮೇಲೆ ವಾರ್ಡಿನಲ್ಲಿ ಬಿಳಿ ಪುಟ ಬಂತು. ಸಿಸ್ಟರ್ ಕಾದರು, ಡ್ಯೂಟಿ ಡಾಕ್ಟರ್ ಕಾದರು. ಮಧ್ಯಾಹ್ನ ಅಜ್ಜಿ ಹೋದಳು.

ಲ್ಯಾಬಿನ ಬಾಯಾರು ಅಕ್ಕಲಕೋಟೆಯವರು. ಅತ್ತೆಮನೆಯವರಿಗೆ ಅಲ್ಲಿ ಹೊಲ, ಮರ್ಯಾದೆ ಎರಡೂ ಇದ್ದವು. ಸೊಸೆ ದಿನಾಲೂ ಎಸ್.ಟಿ. ಬಸ್ಸಿನಲ್ಲಿ ಹೋಗಿ ಬಂದು ನೌಕರಿ ಮಾಡುವುದು ಆ ಮನೆಗೆ ಮೊದಲೇ ಅಷ್ಟಕ್ಕಷ್ಟೇ. ಮರುದಿನ ಸೂಪರಿಂಟೆಂಡೆಂಟ್ ಡಾಕ್ಟರು ಅವರನ್ನು ಕರೆಸಿ ಸಸ್ಪೆಂಡ್ ಮಾಡಿದರು. ಖಾಲಿ ರಿಪೋರ್ಟ್ ಕಳಿಸಿ ಒಂದು ಜೀವ ತೆಗೆದರೆಂದು ಆಪಾದನೆ.

"ಅಣ್ಣಾರ, ನಾ ಬರದ ಹಾಕೀನ್ರಿ," ಎಂದು ಬಾಯಾರು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು. "ಆ ನಂಬರ್ ನೋಡಿ ನನಗ ಎದಿ ಝಲ್ ಅಂತು. ಫೋನ್ ಮಾಡ್ಲಿ ಅಂತ ಕೈ ಹಾಕಿದ್ದೆ. ಹುಕುಂ ನೆನಪಾಗಿ ಬಿಟ್ಟೆ."

ಅಳಲಿಲ್ಲ. ಊಟದ ಡಬ್ಬಿಯ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ಬಾಯಾರು ಸುಳ್ಳಾಡುವ ಹೆಂಗಸಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಗೊತ್ತಿದ್ದರೆ ಏನು ಬಂತು, ತೋರಿಸಬೇಕಲ್ಲ.

ಯಂತ್ರ ಮಾರಿದ ಕಂಪನಿಯ ಇಂಜಿನಿಯರ್ ಪುಣೆಯಿಂದ ಬಂದ. ಟೈ ಕಟ್ಟಿದ್ದ. ಡಾಕ್ಟರ ಎದುರಿಗೇ ಯಂತ್ರದ ಸರ್ವಾಧಿಕಾರಿಯಾದ ರೂಟ್ ಹೆಸರಿನಲ್ಲಿ ಒಳಹೊಕ್ಕು, ಒಂದು ಕಡತ ಬರೆದು, ಉಳಿಸಿ, ಮತ್ತೆ ತೆರೆದು ತೋರಿಸಿದ. "ಮಶೀನ್ ಠೀಕ್ ಆಹೆ," ಯಂತ್ರ ಸರಿಯಾಗಿದೆ ಎಂದ. ಡಾಕ್ಟರ ಮುಖ ಅರಳಿತು. ಚಹಾ ತರಿಸಿದರು. ಮಶೀನ್ ಠೀಕ್ ಎಂದರೆ ಬಾಯಾರು ಠೀಕ್ ಇಲ್ಲ ಎಂದೇ ಅರ್ಥವಾಯಿತು.

ಎರಡು ದಿನ ಬಿಟ್ಟು, ಯಾವುದೋ ಪತ್ರ ಬರೆದು ಉಳಿಸಲು ಹೋದೆ. ರೂಟ್ ಆಗಿ ಅಲ್ಲ, ನನ್ನದೇ ಸಾಧಾರಣ ಹೆಸರಿನಲ್ಲಿ. ಉಳಿಯಲಿಲ್ಲ. ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಯಂತ್ರ ಒಂದೇ ಸಾಲಿನಲ್ಲಿ ಹೇಳಿತು. ಡಿಸ್ಕ್ ಎಷ್ಟು ತುಂಬಿದೆ ಎಂದು ಕೇಳಿದೆ: ನೂರಕ್ಕೆ ನೂರು. ಹಾಗಿದ್ದರೆ ಆ ಟೈ ಕಟ್ಟಿದವನದು ಹೇಗೆ ಉಳಿಯಿತು? ಯಂತ್ರದ ಜೊತೆ ಬಂದಿದ್ದ ಪುಸ್ತಕ ತೆಗೆದು ನೋಡಿದೆ. ಡಿಸ್ಕಿನ ಒಂದು ಪಾಲನ್ನು ಯಂತ್ರ ರೂಟ್‌ಗೆಂದೇ ಮೀಸಲಿಟ್ಟಿರುತ್ತದೆ, ಎಂಥ ಸಂಕಟದಲ್ಲೂ ಅವನ ಕೈ ಆಡಬೇಕೆಂದು. ಉಳಿದವರಿಗೆಲ್ಲ ಬಾಗಿಲು ಮುಚ್ಚಿದ ಮೇಲೂ ಅವನಿಗೆ ತೆರೆದಿರುತ್ತದೆ. ವೆಬ್ ಸರ್ವರ್ ಓಡುವುದು ಒಬ್ಬ ಸಾಧಾರಣ ಬಳಕೆದಾರನ ಹೆಸರಿನಲ್ಲಿ. ಬಾಯಾರ ರಿಪೋರ್ಟ್ ಆ ಮುಚ್ಚಿದ ಬಾಗಿಲಿಗೆ ಬಡಿದಿತ್ತು.

ಯಾವ ಫೋಲ್ಡರ್ ಎಷ್ಟು ತಿಂದಿದೆ ಎಂದು ಒಂದೊಂದಾಗಿ ಅಳೆದೆ. ತಿಂದು ಕೂತಿದ್ದು ಲಾಗ್‌ಗಳು. ಯಾರು ಯಾವ ಪುಟ ಕೇಳಿದರು, ಎಲ್ಲಿ ತಪ್ಪಾಯಿತು ಎಂದು ಸರ್ವರ್ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ದಿನಚರಿ ಅದು. ತಪ್ಪುಗಳ ಲಾಗನ್ನು ತೆರೆದೆ. ಮೇಲಿಂದ ಕೆಳಗೆ ಒಂದೇ ಸಾಲು, ಸಾವಿರ ಸಲ, ಲಕ್ಷ ಸಲ: ದೇವರ ಫೋಟೋ ಸಿಗಲಿಲ್ಲ. ಇದ್ದಾಗ ಆ ಫೋಟೋವನ್ನು ವಾರ್ಡಿನ ಯಂತ್ರಗಳು ತಮ್ಮಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಕೇಳುತ್ತಿರಲಿಲ್ಲ. ಇಲ್ಲವಾದ ಮೇಲೆ ಪ್ರತಿ ಪರದೆಯೂ ಹತ್ತು ಸೆಕೆಂಡಿಗೊಮ್ಮೆ ಕೇಳುತ್ತಿತ್ತು. ಸರ್ವರ್ ಪ್ರತಿ ಸಲವೂ ಇಲ್ಲ ಎಂದು ಬರೆದುಕೊಳ್ಳುತ್ತಿತ್ತು. ಬೆಳಿಗ್ಗೆ ಯಂತ್ರ ಹಚ್ಚಿದಾಗ ತಾತ್ಕಾಲಿಕ ಕಡತಗಳು ಅಳಿಸಿಹೋಗಿ ಒಂಚೂರು ಜಾಗ ಸಿಗುತ್ತಿತ್ತು. ಅದನ್ನೂ ಈ ಗೊಣಗಾಟವೇ ನುಂಗುತ್ತಿತ್ತು.

ಹಾಗಾದರೆ ಬಾಯಾರು ಗುಂಡಿ ಒತ್ತಿದ ಗುರುತು? ಅಂದಿನ ಲಾಗನ್ನು ಹುಡುಕಿದೆ. ಬೆಳಗಿನ ಸಾಲುಗಳಿದ್ದವು, ಹತ್ತು ಗಂಟೆಗೆ ನಿಂತುಹೋಗಿದ್ದವು. ಅಲ್ಲಿಂದ ಮುಂದೆ ಲಾಗ್ ಬರೆಯಲೂ ಜಾಗವಿರಲಿಲ್ಲ. ಇಷ್ಟೊಂದು ಹಾಳುಮೂಳು ಬರೆದಿಟ್ಟ ಲಾಗಿನಲ್ಲಿ ಬೇಕಾದ ಆ ಒಂದು ಸಾಲು ಇಲ್ಲ. ನಾನು ಮೇಜು ಗುದ್ದಿದ್ದು ಪಕ್ಕದ ಕ್ಯಾಶ್ ಕೌಂಟರಿನವರೆಗೂ ಕೇಳಿಸಿತಂತೆ.

ಸಿಟ್ಟು ಇಳಿದ ಮೇಲೆ ರಿಪೋರ್ಟುಗಳ ಫೋಲ್ಡರ್ ನೆನಪಾಯಿತು. ಅಜ್ಜಿಯ ನಂಬರಿನ ಕಡತ ಅಲ್ಲಿತ್ತು. ಅಳತೆ ಸೊನ್ನೆ. ಹೆಸರಿಗೆ ಹೊಸ ಜಾಗ ಬೇಕಾಗಿರಲಿಲ್ಲ, ಹಾಗಾಗಿ ಹೆಸರು ಹುಟ್ಟಿತ್ತು. ಒಳಗಿನ ಮಾತಿಗೆ ಜಾಗ ಬೇಕಿತ್ತು, ಅದು ಬೀಳಲಿಲ್ಲ. ಪ್ರೋಗ್ರಾಂ ಬರೆದವನು ನಿಜಕ್ಕೂ ಉಳಿಯಿತೇ ಎಂದು ತಿರುಗಿ ನೋಡದೆ "ಜಮಾ ಆಗಿದೆ" ಎಂದು ಬಡಬಡಿಸುವಂತೆ ಮಾಡಿದ್ದ. ಕಡತ ಹುಟ್ಟಿದ ಹೊತ್ತು ಹನ್ನೊಂದೂವರೆಯ ಆಸುಪಾಸು, ಬಾಯಾರು ಹೇಳಿದ್ದೇ ಹೊತ್ತು. ಅಂದು ಹತ್ತರ ನಂತರ ಬಂದ ರಿಪೋರ್ಟುಗಳೆಲ್ಲ, ಯಾರೇ ಹಾಕಿದ್ದಿರಲಿ, ಸೊನ್ನೆಯೇ.

ಡಾಕ್ಟರನ್ನು ಕರೆತಂದು ಕೂರಿಸಿದೆ. ಅವರ ಎದುರಿಗೇ ಬಾಯಾರ ಹೆಸರಿನಲ್ಲಿ ಒಂದು ಸುಳ್ಳು ರಿಪೋರ್ಟ್ ಟೈಪ್ ಮಾಡಿ ಗುಂಡಿ ಒತ್ತಿದೆ. "ಜಮಾ ಆಗಿದೆ" ಬಂತು. ತೆರೆದೆ, ಬಿಳಿ ಪುಟ. ಅವರು ಎದ್ದು ಕೋಣೆಯ ಬಾಗಿಲು ಮುಚ್ಚಿದರು. ಆಮೇಲೆ ಮರಾಠಿಯಲ್ಲಿ, "ಹೊರಗೆ ಯಾರಿಗೂ ಹೇಳಬೇಡಿ" ಎಂದರು. ಫೋನಿನ ಹುಕುಂ ರದ್ದು ಮಾಡಿ ಎಂದು ನಾನು ಪಟ್ಟು ಹಿಡಿದೆ, ಮಾಡಿದರು. ಬಾಯಾರ ಸಸ್ಪೆನ್ಶನ್ ತಾಂತ್ರಿಕ ಕಾರಣದಿಂದ ರದ್ದಾಯಿತು ಎಂದು ಬರೆಸಿದರು. ಕ್ಷಮಿಸಿ ಎಂಬ ಪದಕ್ಕೆ ಆ ಕಾಗದದಲ್ಲೂ ಜಾಗವಿರಲಿಲ್ಲ.

ನಾನು ದೊಡ್ಡ ಲಾಗನ್ನು ಅಳಿಸಿದೆ. ಕಡತ ಕಾಣೆಯಾಯಿತು, ಡಿಸ್ಕ್ ಮಾತ್ರ ತುಂಬಿಯೇ ಇತ್ತು. ಅಳಿಸಿದ ಆ ಕಡತವನ್ನು ಸರ್ವರ್ ಇನ್ನೂ ತೆರೆದು ಹಿಡಿದಿತ್ತು, ಅದು ಕೈ ಬಿಡುವವರೆಗೆ ಜಾಗ ಮರಳದು. ಸರ್ವರನ್ನು ನಿಲ್ಲಿಸಿ ಮತ್ತೆ ಹಚ್ಚಿದಾಗ ಮುಕ್ಕಾಲು ಡಿಸ್ಕ್ ಖಾಲಿಯಾಯಿತು. ಲಾಗ್‌ಗಳನ್ನು ಸರದಿಯಂತೆ ಬದಲಿಸುವ ಏರ್ಪಾಡು ಯಂತ್ರದಲ್ಲಿ ಮೊದಲಿಂದಲೂ ಇತ್ತು ಎಂದು ಆಗ ತಿಳಿಯಿತು. ಅದಕ್ಕೆ ನಿಗದಿಯಾಗಿದ್ದ ಹೊತ್ತು ನಸುಕಿನ ನಾಲ್ಕು ಗಂಟೆ. ನಮ್ಮ ಯಂತ್ರ ಆಗ ಕೀಲಿ ಹಾಕಿದ ಕೋಣೆಯಲ್ಲಿ ಮಲಗಿರುತ್ತಿತ್ತು. ಒಂದು ದಿನವೂ ಅದು ನಡೆದಿರಲಿಲ್ಲ. ಆ ನಿಗದಿಯನ್ನು ಮಧ್ಯಾಹ್ನದ ಊಟದ ವೇಳೆಗೆ ಬದಲಿಸಿದೆ: ದಿನಾಲೂ ಹಳೆಯ ಲಾಗನ್ನು ಬೇರೆ ಹೆಸರಿಗೆ ಸರಿಸಿ, ಹೊಸ ಲಾಗನ್ನು ತೆರೆ ಎಂದು ಸರ್ವರಿಗೆ ಸೂಚನೆ ಕೊಟ್ಟು, ಹಳೆಯದನ್ನು ಹಿಂಡಿ ಚಿಕ್ಕದು ಮಾಡಿ, ಅತಿ ಹಳೆಯದನ್ನು ಬಿಸಾಡುವುದು. ಒಂದು ತಾಸಿನ ಕೆಲಸ. ಒಂದು ಜೀವ ಹೋದ ಮೇಲೆ ಮಾಡಿದ ಒಂದು ತಾಸಿನ ಕೆಲಸ.

ಬಾಯಾರು ಕೆಲಸಕ್ಕೆ ಬಂದ ದಿನ ನನ್ನ ಕೋಣೆಗೆ ಬಂದು ಎಲ್ಲವನ್ನೂ ಕೇಳಿ ತಿಳಿದುಕೊಂಡರು. "ನಾ ಬರದ ಹಾಕಿದ್ದಕ್ಕ ಎಷ್ಟ್ ಜಾಗಾ ಬೇಕಿತ್ತರಿ?" ಎಂದರು.

"ಒಂದು ಪೋಸ್ಟ್ ಕಾರ್ಡಿನಷ್ಟ," ಎಂದೆ. "ಆ ಫೋಟೋದ ಗೊಣಗಾಟ ಒಂದ್ ನಿಮಿಷದಾಗ ಅಂಥಾವು ಹತ್ತು ನುಂಗತಿತ್ತು."

"ಹೋಟಗಿ ಅಜ್ಜಗ ಯಾರರ ಹೇಳ್ಯಾರೇನು?"

ಯಾರೂ ಹೇಳಿರಲಿಲ್ಲ. ಬಾಯಾರು ಎದ್ದು ಹೋದರು. ಆ ಭಾನುವಾರ ತಾವೇ ಹೋಟಗಿಗೆ ಹೋಗಿ ಬಂದರಂತೆ. ಅಜ್ಜನ ಎದುರು ಕೂತು, ರಿಪೋರ್ಟ್ ಬರೆದಿದ್ದೆ, ಪೆಟ್ಟಿಗೆ ತುಂಬಿ ಅದು ಒಳಗೆ ಹೋಗಲಿಲ್ಲ ಎಂದು ತಿಳಿಸಿ ಹೇಳಿದರಂತೆ. ಅಜ್ಜ ಬೈಯಲಿಲ್ಲ, ನೀರು ಕೊಟ್ಟು ಕೂರಿಸಿದ. ಪೂರ್ತಿ ಕೇಳಿದ ಮೇಲೆ ಒಂದೇ ಮಾತು ಕೇಳಿದನಂತೆ.

"ಅಷ್ಟು ದೊಡ್ಡ ದವಾಖಾನ್ಯಾಗ ನಮ್ಮಾಕಿದು ನಾಕ್ ಸಾಲು ಬರಿಯಾಕ ಜಾಗಾ ಇರಲಿಲ್ಲೇನವ್ವಾ?"