ಟಿಕೆಟ್ ಇಲ್ಲದ ಪ್ರಿಂಟರ್

ಥಾಣೆಯ ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ ತಂಡದ ಖರ್ಚನ್ನು ಮೊದಲು ಎಲ್ಲ ವಿಭಾಗಗಳೂ ಸಮನಾಗಿ ಹೊರುತ್ತಿದ್ದವು. ರಿಪೇರಿಗೆಂದು ಯಾರು ಎಷ್ಟು ಟಿಕೆಟ್, ಅಂದರೆ ದೂರು, ದಾಖಲಿಸುತ್ತಾರೋ ಅವರಿಗೆ ಅಷ್ಟೇ ಖರ್ಚು ಎಂದು ಹಟ ಹಿಡಿದು ಅದನ್ನು ಬದಲಾಯಿಸಿದವರು ಅಕೌಂಟ್ಸ್ ಮ್ಯಾನೇಜರ್, ನನ್ನಂತೆಯೇ ಉಡುಪಿಯವರು. ಆಮೇಲೆ ಅವರ ವಿಭಾಗದಿಂದ ಟಿಕೆಟ್ ಬರುವುದೇ ನಿಂತಿತು. ರಿಪೇರಿ ತಂಡದಲ್ಲಿದ್ದ ನನ್ನನ್ನು ಕಾರಿಡಾರಿನಲ್ಲೇ ಹಿಡಿಯುತ್ತಿದ್ದರು.

"ಪ್ರಿಂಟರ್ ಒಮ್ಮೆ ನೋಡು ಮಾರಾಯ. ಟಿಕೆಟ್ ಗಿಕೆಟ್ ಎಂತಕ್ಕೆ? ನಾವು ಊರಿನವರಲ್ವಾ?"

ಈ ಸಲ ಪ್ರಿಂಟರ್ ಮುಟ್ಟುವ ಮೊದಲು, ಅವರೆದುರೇ ಅವರ ವಿಭಾಗದ ಹೆಸರಿಗೆ ಟಿಕೆಟ್ ಹಾಕಿದೆ. ಅವರ ಮುಖ ಕೆಂಪಾಯಿತು.

"ನಿಮ್ಮ ಕೆಲಸ ಲೆಕ್ಕಕ್ಕೆ ಬರದಿದ್ರೆ ಆ ಖರ್ಚು ನಮ್ಮ ಭಿವಂಡಿ ಗೋಡೌನಿನವರ ತಲೆಗೆ ಬೀಳ್ತದೆ ಸರ್," ಎಂದೆ. "ಅವರು ಮೌಸ್ ಕೆಟ್ಟರೂ ಟಿಕೆಟ್ ಹಾಕ್ತಾರೆ."

"ಮೇಲಿನವರಿಗೆ ಹೇಳ್ತೇನೆ, ನೋಡು!"

"ಹೇಳಿ ಸರ್. ಈ ನಿಯಮ ತಂದದ್ದು ಯಾರು ಅಂತಲೂ ಹೇಳಿ."