ಇಪ್ಪತ್ತೆರಡು ಮಿಲಿಮೀಟರ್‌ನ ತೂತು

ವೇಮಗಲ್‌ನಲ್ಲಿ ನಮ್ಮ ದೊಡ್ಡಪ್ಪನ ಲೇತ್ ಶೆಡ್ ಇದೆ. ಅದರ ಮುಂದಿನ ಸಣ್ಣ ಕೋಣೆಯಲ್ಲಿ ನನ್ನ ತ್ರೀಡಿ ಪ್ರಿಂಟರ್ ಇತ್ತು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಮೂರು ವರ್ಷ ಕಾರ್ಖಾನೆಯೊಂದರಲ್ಲಿ ದುಡಿದು ಕೂಡಿಟ್ಟದ್ದರಲ್ಲಿ ಕೊಂಡ ಯಂತ್ರ ಅದು. ದೊಡ್ಡಪ್ಪನ ಕಣ್ಣಿಗೆ ಅದು ಯಂತ್ರವೇ ಅಲ್ಲ. ಸದ್ದು ಮಾಡದ, ಎಣ್ಣೆ ಕುಡಿಯದ, ಕಬ್ಬಿಣ ಮುಟ್ಟದ ವಸ್ತುವನ್ನು ಯಂತ್ರ ಎಂದು ಕರೆಯಲು ಅವರಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಬಂದವರಿಗೆಲ್ಲ "ನಮ್ಮ ಹುಡುಗಿಯ ಶ್ಯಾವಿಗೆ ಒರಳು" ಎಂದು ಪರಿಚಯಿಸುತ್ತಿದ್ದರು. ಬಿಸಿ ಮೂತಿಯಿಂದ ಪ್ಲಾಸ್ಟಿಕ್ ಎಳೆ ಎಳೆಯಾಗಿ ಇಳಿದು ಪದರದ ಮೇಲೆ ಪದರ ಕೂರುವುದನ್ನು ನೋಡಿದರೆ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಅದಕ್ಕೇ ನನಗೆ ಹೆಚ್ಚು ಉರಿಯುತ್ತಿದ್ದದ್ದು.

ಕೀ ಚೈನು, ಫೋನ್ ಸ್ಟ್ಯಾಂಡು, ಬಾಗಿಲಿಗೆ ಹಾಕುವ ಹೆಸರಿನ ಫಲಕ ಎಲ್ಲ ಚೆನ್ನಾಗಿಯೇ ಬರುತ್ತಿದ್ದವು. ಅವನ್ನು ಯಾರೂ ಅಳೆಯುವುದಿಲ್ಲ. ತೂತಿರುವ ವಸ್ತು ಮಾಡಿದರೆ ಮಾತ್ರ ತೂತು ಚಿಕ್ಕದಾಗಿ ಬರುತ್ತಿತ್ತು. ಆಗ ದೊಡ್ಡಪ್ಪ ನನ್ನ ಕೋಣೆಯ ಗೋಡೆಯ ಹಲಗೆಯಿಂದ ತೂತು ಹಿಗ್ಗಿಸುವ ರೀಮರ್ ತೆಗೆದು ತಿರುಗಿಸಿ ಸರಿಮಾಡಿ, ಏನೂ ಆಗಿಲ್ಲವೆಂಬಂತೆ ಹೊರಟುಹೋಗುತ್ತಿದ್ದರು. ಆ ಮೌನಕ್ಕಿಂತ ಎರಡು ಬೈದಿದ್ದರೆ ವಾಸಿ ಇತ್ತು.

ಹೀಗಿರುವಾಗ ಶ್ರೀನಿವಾಸಪುರದ ಕಡೆಯಿಂದ ರೇಷ್ಮೆ ನೂಲು ತೆಗೆಯುವ ಘಟಕದ ಯಜಮಾನಿ ಒಬ್ಬರು ಬಂದರು. ನೂಲು ಹಾಯುವ ಪುಟ್ಟ ಗಾಲಿಗಳು ಸವೆದು, ಎಳೆ ಪದೇ ಪದೇ ತುಂಡಾಗುತ್ತಿತ್ತಂತೆ. ಅಂಥ ಹತ್ತು ಗಾಲಿ ಬೇಕು, ಪ್ರತಿಯೊಂದರ ನಡುವೆ ಇಪ್ಪತ್ತೆರಡು ಮಿಲಿಮೀಟರ್‌ನ ಬೇರಿಂಗ್ ಬಿಗಿಯಾಗಿ ಕೂರಬೇಕು ಎಂದರು. ದೊಡ್ಡಪ್ಪ ಅವರ ಮುಂದೆಯೇ ನನಗೊಂದು ಗಡುವು ಹಾಕಿದರು.

"ದೀಪಾವಳಿ ಒಳಗೆ ನಾನು ರೀಮರ್ ಮುಟ್ಟದಂಗೆ ಒಂದು ತೂತು ಮಾಡು. ಆಗ್ಲಿಲ್ವಾ, ಆ ರೂಮಲ್ಲಿ ನಾನು ಡ್ರಿಲ್ಲಿಂಗ್ ಮಷೀನ್ ಇಡ್ತೀನಿ ಕಣಮ್ಮ."

ಅವರು ತಮಾಷೆಗೆ ಹೇಳುವವರಲ್ಲ. ಡ್ರಿಲ್ಲಿಂಗ್ ಮಷೀನಿಗೆ ಆಗಲೇ ಮುಂಗಡ ಕೊಟ್ಟಿದ್ದರು. ಆ ಕೋಣೆ ಹೋದರೆ ನನ್ನ ಪ್ರಿಂಟರ್ ಮನೆಯ ಅಟ್ಟಕ್ಕೆ, ನಾನು ಮತ್ತೆ ಕಾರ್ಖಾನೆಯ ಬಸ್ಸಿಗೆ.

ಮೊದಲ ಗಾಲಿ ಮಾಡಿದೆ. ಬೇರಿಂಗ್ ಒಳಗೆ ಹೋಗಲಿಲ್ಲ. ದೊಡ್ಡಪ್ಪ ಮರದ ಸುತ್ತಿಗೆಯಿಂದ ಒಂದು ತಟ್ಟಿದರು, ಗಾಲಿ ಎರಡು ಹೋಳಾಯಿತು. ಅವರ ಮುಖದಲ್ಲಿ ಕಂಡ ತೃಪ್ತಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬಿಸಿ ಪ್ಲಾಸ್ಟಿಕ್ ಒತ್ತಿಸಿಕೊಂಡು ಎರಡೂ ಪಕ್ಕಕ್ಕೆ ಸ್ವಲ್ಪ ಹರಡುತ್ತದೆ, ಅದಕ್ಕೇ ಹೊರಗೋಡೆ ದಪ್ಪ, ತೂತು ಇಕ್ಕಟ್ಟು, ಇದನ್ನು ಯಂತ್ರಕ್ಕೆ ಮೊದಲೇ ಹೇಳಿ ತಿದ್ದಬಹುದು ಎಂದು ವಿವರಿಸಿದೆ. ತಿದ್ದುವುದಕ್ಕೇ ರೀಮರ್ ಇರುವುದು ಎಂದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಶೆಡ್‌ನ ಪೂಜೆ ಅಜ್ಜಿಯದು, ಅಂದರೆ ದೊಡ್ಡಪ್ಪನ ತಾಯಿಯದು. ನಂಗಲಿ ಕಡೆಯವಳಾದ ಅಜ್ಜಿ ತೆಲುಗಿನಲ್ಲಿ ಎಣಿಸುತ್ತಾ, ಸ್ಪ್ಯಾನರ್‌ನಿಂದ ಹಿಡಿದು ಎಣ್ಣೆ ಡಬ್ಬಿಯವರೆಗೆ ಒಂದನ್ನೂ ಬಿಡದೆ ಗಂಧ, ಅರಿಶಿನ, ಕುಂಕುಮ ಹಚ್ಚಿದಳು. ನನ್ನ ಪ್ರಿಂಟರ್‌ನ ಪರದೆಯ ನಟ್ಟನಡುವೆಯೂ ಒಂದು ಬೊಟ್ಟು ಬಿತ್ತು, ಆಮೇಲೆ ಉಷ್ಣಾಂಶದ ಕೊನೆಯ ಅಂಕಿಯನ್ನು ನಾನು ಊಹಿಸಿಯೇ ಓದಿದೆ. ಒರೆಸುವಂತಿರಲಿಲ್ಲ. ಪೂಜೆಯ ಬೊಟ್ಟು ಕೆಲಸದಲ್ಲಿ ತಾನಾಗಿ ಸವೆದು ಹೋಗಬೇಕು, ಕೈಯಾರೆ ಅಳಿಸಬಾರದು ಎಂಬುದು ಶೆಡ್‌ನ ಕಾನೂನು. ಅದನ್ನು ಮಾಡಿದ್ದು ದೊಡ್ಡಪ್ಪ.

ಹಬ್ಬ ಮುಗಿದ ಮೇಲೆ ನಾನು ಪಟ್ಟಾಗಿ ಕೂತೆ. ಗಾಲಿಯನ್ನು ಬಿಟ್ಟು ಕಂಪ್ಯೂಟರ್‌ನಲ್ಲಿ ಒಂದು ಪರೀಕ್ಷೆಯ ತುಂಡು ಬಿಡಿಸಿದೆ: ಮೂವತ್ತು ಮಿಲಿಮೀಟರ್ ಅಗಲದ ಚೌಕ, ನಡುವೆ ಇಪ್ಪತ್ತೆರಡರ ತೂತು. ಅದೇ ಪ್ಲಾಸ್ಟಿಕ್, ಅದೇ ಬಿಸಿ, ಅದೇ ವೇಗ. ಪ್ರಿಂಟಾಗಿ ತಣ್ಣಗಾದ ಮೇಲೆ ವರ್ನಿಯರ್ ಹಿಡಿದೆ. ಇಡೀ ಶೆಡ್‌ಗೆ ಇದ್ದದ್ದು ಅದೊಂದೇ ಅಳತೆಯ ಸಾಧನ. ತಳದ ಮೊದಲ ಪದರ ಚಪ್ಪಟೆಯಾಗಿ ಅಗಲವಾಗಿರುತ್ತದೆ, ಆದ್ದರಿಂದ ಅದನ್ನು ಬಿಟ್ಟು ನಡುಮೈಯಲ್ಲಿ, ಎರಡು ದಿಕ್ಕಿನಲ್ಲಿ, ಮೂರು ಮೂರು ಸಲ ಅಳೆದೆ. ಹೊರಗೆ ಮೂವತ್ತು ಪಾಯಿಂಟ್ ಮೂರು. ತೂತು ಇಪ್ಪತ್ತೊಂದು ಪಾಯಿಂಟ್ ಏಳು.

ಹೊರಗೆ ಪಾಯಿಂಟ್ ಮೂರು ಹೆಚ್ಚು, ಒಳಗೆ ಪಾಯಿಂಟ್ ಮೂರು ಕಡಿಮೆ. ಇಷ್ಟು ಚೊಕ್ಕಟವಾದ ತಪ್ಪನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಇದಕ್ಕೆಂದೇ ಸಾಫ್ಟ್‌ವೇರ್‌ನಲ್ಲಿ ಹಾರಿಜಾಂಟಲ್ ಎಕ್ಸ್‌ಪಾನ್ಷನ್ ಎಂಬ ಒಂದು ಮನೆ ಇದೆ. ಅಲ್ಲಿ ಮೈನಸ್ ಸಂಖ್ಯೆ ಕೊಟ್ಟರೆ ಪ್ರತಿ ಪದರದ ಗೆರೆಯೂ ಅಷ್ಟು ಒಳಸರಿಯುತ್ತದೆ. ಹೊರಗೋಡೆ ಕುಗ್ಗುತ್ತದೆ, ತೂತು ಹಿಗ್ಗುತ್ತದೆ. ಎಡಕ್ಕೂ ಬಲಕ್ಕೂ ಎರಡು ಬದಿ ಸರಿಯುವುದರಿಂದ ತಪ್ಪಿನ ಅರ್ಧವನ್ನಷ್ಟೇ ಕೊಡಬೇಕು. ಮೈನಸ್ ಪಾಯಿಂಟ್ ಒಂದು ಐದು ಎಂದು ಹಾಕಿ ಮತ್ತೊಂದು ತುಂಡು ಪ್ರಿಂಟ್ ಮಾಡಿದೆ. ವರ್ನಿಯರ್ ಹೇಳಿತು: ಹೊರಗೆ ಮೂವತ್ತು, ಒಳಗೆ ಇಪ್ಪತ್ತೆರಡು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ದೊಡ್ಡಪ್ಪನನ್ನು ಕರೆದೆ. ಅಜ್ಜಿಯನ್ನೂ ಕರೆದೆ. ಎಲ್ಲರೂ ನೋಡುತ್ತಿರುವಾಗ ಬೇರಿಂಗನ್ನು ತೂತಿನ ಮೇಲೆ ಇಟ್ಟೆ. ಅದು ಒತ್ತುವುದಕ್ಕೂ ಕಾಯದೆ ಒಳಗೆ ಜಾರಿ, ಆ ಕಡೆಯಿಂದ ಹೊರಬಿದ್ದು, ಉರುಳಿಕೊಂಡು ಲೇತ್‌ನ ಕೆಳಗೆ ಹೋಯಿತು.

ದೊಡ್ಡಪ್ಪ ಬಗ್ಗಿ ಹೆಕ್ಕಿಕೊಟ್ಟು, ರೀಮರ್‌ನಿಂದ ತೂತು ಚಿಕ್ಕದು ಮಾಡೋಕಾಗಲ್ಲ ಎಂದಷ್ಟೇ ಹೇಳಿ ಹೋದರು.

ಬೇರಿಂಗ್ ಚಿಕ್ಕದಿರಬೇಕು ಎಂದು ಅದನ್ನು ಅಳೆದೆ. ಇಪ್ಪತ್ತೆರಡು ಪಾಯಿಂಟ್ ಒಂದು! ಚಿಕ್ಕದಲ್ಲ, ದೊಡ್ಡದು. ಇಪ್ಪತ್ತೆರಡು ಪಾಯಿಂಟ್ ಒಂದರ ಬೇರಿಂಗ್ ಬರೀ ಇಪ್ಪತ್ತೆರಡರ ತೂತಿನೊಳಗಿಂದ ಜಾರಿ ಬೀಳುತ್ತಿತ್ತು. ಹತ್ತು ಸಲ ಹಾಕಿದೆ, ಹತ್ತು ಸಲವೂ ಬಿತ್ತು. ಡಿಪ್ಲೊಮಾದಲ್ಲಿ ಕಲಿತದ್ದೆಲ್ಲ ಸುಳ್ಳೇ ಎಂದು ಅನುಮಾನ ಶುರುವಾಯಿತು. ಅಜ್ಜಿ ಪಕ್ಕದಲ್ಲಿ ಕೂತು, ಒಳಗೆ ಹೋಗುತ್ತಿದೆಯಲ್ಲ, ಮೊದಲು ಅದೇ ತಾನೇ ಬೇಕಿದ್ದದ್ದು, ಈಗೇಕೆ ಅಳುತ್ತೀಯ ಎಂದು ಕೇಳಿದಳು. ನಾನು ಹನ್ನೊಂದನೆಯ ಸಲ ಹಾಕಿ ನೋಡಿದೆ.

ಆ ವಾರ ಎಲ್ಲರ ಗ್ರಹಚಾರವೂ ಕೆಟ್ಟಿತ್ತು. ಮಾಲೂರಿನ ಇಟ್ಟಿಗೆ ಕಾರ್ಖಾನೆಯವನೊಬ್ಬ ದೊಡ್ಡಪ್ಪ ಮಾಡಿಕೊಟ್ಟ ಪಿನ್ನು ಸಡಿಲ ಎಂದು ಎರಡು ಸಲ ಬಂದು ಹೋದ. ಅವನ ಯಂತ್ರದ ತೂತೇ ಸವೆದಿದೆ ಎಂದು ದೊಡ್ಡಪ್ಪ ಗದರಿ ಕಳಿಸಿದ್ದರು. ನಲವತ್ತು ವರ್ಷ ಲೇತ್ ಹಿಡಿದ ಕೈಗೆ ಇವನು ಅಳತೆ ಹೇಳಿಕೊಡುತ್ತಾನಾ ಎಂದು ಮೂಗು ಮುರಿದದ್ದು ನನಗೂ ಕೇಳಿಸಿತು.

ದೀಪಾವಳಿಗೆ ನಾಲ್ಕು ದಿನ ಇತ್ತು. ಬೇರಿಂಗ್, ಪರೀಕ್ಷೆಯ ತುಂಡು, ಸಾಕ್ಷಿಗೆ ವರ್ನಿಯರ್ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಕೋಲಾರದ ಬೇರಿಂಗ್ ಅಂಗಡಿಗೆ ಜಗಳಕ್ಕೆ ಹೋದೆ. ನೀವು ಕೊಟ್ಟದ್ದು ಅಳತೆ ತಪ್ಪಿದ ಮಾಲು ಎಂದು ಶುರು ಮಾಡಿದೆ. ಅಂಗಡಿಯ ಯಜಮಾನರು ಮುಳಬಾಗಿಲಿನ ಕಡೆಯವರು, ನಿಧಾನಸ್ಥರು. ತಮ್ಮ ಮೈಕ್ರೋಮೀಟರ್ ತೆಗೆದು ಬೇರಿಂಗ್ ಅಳೆದು ನನಗೆ ತೋರಿಸಿದರು. ಸರಿಯಾಗಿ ಇಪ್ಪತ್ತೆರಡು. ಹಾಗಾದರೆ ನಿಮ್ಮ ಮೈಕ್ರೋಮೀಟರೇ ತಪ್ಪು ಎಂದೆ. ಅವರು ಸಿಟ್ಟಾಗಲಿಲ್ಲ. ನನ್ನ ವರ್ನಿಯರ್ ಈಸಿಕೊಂಡು, ಏನನ್ನೂ ಅಳೆಯದೆ, ಬರೀ ಅದರ ಬಾಯಿ ಮುಚ್ಚಿ ಬೆಳಕಿಗೆ ಹಿಡಿದರು.

"ಏಮಮ್ಮಾ, ಇದು ಸೊನ್ನೆಗೇ ಬರ್ತಿಲ್ವಲ್ಲ. ಬಾಯ್ತುಂಬ ಕುಂಕುಮ ಇಟ್ಕೊಂಡಿದೆ ನೋಡು."

ನೋಡಿದೆ. ಮುಚ್ಚಿದ ಬಾಯಿಯ ನಡುವೆ ಗಂಧ ಕುಂಕುಮ ಒಣಗಿ ಗಟ್ಟಿಯಾದ ತೆಳು ಕೆಂಪು ಗೆರೆ. ಸೊನ್ನೆ ಇರಬೇಕಾದಲ್ಲಿ ಪಾಯಿಂಟ್ ಒಂದು. ತೂತು ಅಳೆಯುವ ಮೇಲಿನ ಚಿಕ್ಕ ಕೊಂಬುಗಳ ಹೊರಮೈಗೂ ಅಜ್ಜಿ ಭಕ್ತಿಯಿಂದ ಅಷ್ಟೇ ಹಚ್ಚಿದ್ದಳು. ಆದ್ದರಿಂದ ಹೊರಗೆ ಅಳೆದರೆ ಪಾಯಿಂಟ್ ಒಂದು ಹೆಚ್ಚು ತೋರಿಸಿತ್ತು, ತೂತು ಅಳೆದರೆ ಪಾಯಿಂಟ್ ಒಂದು ಕಡಿಮೆ. ಪ್ಲಾಸ್ಟಿಕ್ ಮಾಡಿದ ತಪ್ಪು ಪಾಯಿಂಟ್ ಎರಡು ಮಾತ್ರ, ಮಿಕ್ಕ ಒಂದು ಕುಂಕುಮದ್ದು. ಎರಡನ್ನೂ ಸೇರಿಸಿ ನಾನು ಪ್ರಿಂಟರ್‌ಗೆ ಶಿಕ್ಷೆ ಕೊಟ್ಟಿದ್ದೆ. ಅಳೆಯುವ ಮುಂಚೆ ಬಾಯಿ ಮುಚ್ಚಿ ಸೊನ್ನೆ ನೋಡಬೇಕು ಎಂಬುದು ಡಿಪ್ಲೊಮಾದ ಮೊದಲ ವಾರದ ಪಾಠ. ಶೆಡ್ ತುಂಬಾ ಎಲ್ಲವೂ ಕೆಂಪಾಗಿದ್ದುದರಿಂದ ಆ ಕೆಂಪು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅಂಗಡಿಯವರ ಮುಂದೆ ನಾಚಿಕೆಯಿಂದ ನೆಲ ನೋಡಿದೆ.

ಅಲ್ಲೇ ಒರೆಸಿಬಿಡಬಹುದಿತ್ತು. ಕೈ ಬರಲಿಲ್ಲ. ಕುಂಕುಮ ಸಮೇತ ಶೆಡ್‌ಗೆ ತಂದು ದೊಡ್ಡಪ್ಪನ ಮುಂದೆ ಇಟ್ಟು ವಿಷಯ ಹೇಳಿದೆ. ಅವರು ಮೂರು ಸಲ ಅದರ ಬಾಯಿ ಮುಚ್ಚಿ ತೆರೆದು ನೋಡಿದರು. ಆಮೇಲೆ ಅಜ್ಜಿಯ ವಿಚಾರಣೆ ನಡೆಯಿತು. ಹಿಡಿಗೆ ಹಚ್ಚಬಾರದಿತ್ತಾ, ಬಾಯಿಗೇ ಯಾಕೆ ಹಚ್ಚಿದೆ ಎಂದು ಮಗ ಕೇಳಿದರೆ ತಾಯಿ ತಣ್ಣಗೆ ಹೇಳಿದಳು.

"ನೀನೇ ಅಲ್ವೇನೋ ಹೇಳಿದ್ದು, ಕೆಲಸ ಮಾಡೋ ಜಾಗಕ್ಕೇ ಹಚ್ಚಬೇಕು ಅಂತ?"

ಕಾನೂನು ದೊಡ್ಡಪ್ಪನದೇ ಆದ್ದರಿಂದ ಮುರಿಯಲೂ ಅವರಿಂದಾಗಲಿಲ್ಲ, ಬಿಡಲೂ ಆಗಲಿಲ್ಲ. ತಾನಾಗಿ ಸವೆಯುವವರೆಗೆ ಪ್ರತಿ ಅಳತೆಯಲ್ಲೂ ಪಾಯಿಂಟ್ ಒಂದು ಕಳೆದರೆ ಹೇಗೆ ಎಂದು ಗಂಭೀರವಾಗಿ ಕೇಳಿದರು. ಹೊರಗೆ ಅಳೆದಾಗ ಕಳೆಯಬೇಕು, ಒಳಗೆ ಅಳೆದಾಗ ಕೂಡಬೇಕು ಎಂದೆ. ಅವರು ಹಣೆ ಒತ್ತಿಕೊಂಡರು. ಕೊನೆಗೆ ಅಜ್ಜಿಯೇ ಎದ್ದು ಚೊಂಬಿನಲ್ಲಿ ನೀರು ತಂದು, ವರ್ನಿಯರ್‌ನ ಬಾಯನ್ನು ತೊಳೆದು, ಆ ನೀರನ್ನು ತುಳಸಿ ಬುಡಕ್ಕೆ ಹಾಕಿ, ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. ಬಾಯಿ ಮುಚ್ಚಿದೆ. ಸೊನ್ನೆ ಸೊನ್ನೆಗೆ ಕೂತಿತು.

ಮೊದಲಿನ ತುಂಡನ್ನು ಮತ್ತೆ ಅಳೆದೆ. ಹೊರಗೆ ಪಾಯಿಂಟ್ ಎರಡು ಹೆಚ್ಚು, ತೂತು ಪಾಯಿಂಟ್ ಎರಡು ಕಡಿಮೆ. ಅರ್ಧ ಎಂದರೆ ಮೈನಸ್ ಪಾಯಿಂಟ್ ಒಂದು. ಮೂರನೆಯ ತುಂಡು ಪ್ರಿಂಟ್ ಆಗುವವರೆಗೆ ನಾನು ಅಲ್ಲಾಡಲಿಲ್ಲ. ಮೂವತ್ತು, ಇಪ್ಪತ್ತೆರಡು. ಬೇರಿಂಗ್ ಇಟ್ಟು ಹೆಬ್ಬೆರಳಿನಿಂದ ಒತ್ತಿದೆ. ಟಕ್ ಎಂದು ಕೂತಿತು. ತಲೆಕೆಳಗು ಮಾಡಿ ಅಲ್ಲಾಡಿಸಿದರೂ ಬೀಳಲಿಲ್ಲ. ರೀಮರ್ ಕೈಯಲ್ಲಿ ಹಿಡಿದೇ ಬಂದಿದ್ದ ದೊಡ್ಡಪ್ಪ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ನೋಡಿ, ಒಂದು ಮಾತೂ ಆಡದೆ ಹೊರಟುಹೋದರು. ನನಗೆ ಖುಷಿಗಿಂತ ಸಿಟ್ಟೇ ಹೆಚ್ಚು ಬಂತು. ಒಂದು 'ಸರಿ' ಎಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮರುದಿನ ಬೆಳಗ್ಗೆ ಹತ್ತು ಗಾಲಿಗಳಲ್ಲಿ ಮೊದಲನೆಯದನ್ನು ಶುರು ಮಾಡಲು ಹೋದೆ. ನನ್ನ ಕೋಣೆಯ ಗೋಡೆಯಲ್ಲಿದ್ದ ರೀಮರ್‌ಗಳ ಹಲಗೆ ಖಾಲಿ ಇತ್ತು. ಅಷ್ಟನ್ನೂ ಹಿಂದಿನ ಶೆಡ್‌ಗೆ ಸಾಗಿಸಿದ್ದರು. ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಒಂದು ಕಬ್ಬಿಣದ ಪಿನ್ನು. ಆಯುಧಪೂಜೆ ಆದ ಮೇಲೆ ಇಟ್ಟಿಗೆ ಕಾರ್ಖಾನೆಯವನಿಗೆಂದು ಮಾಡಿದ್ದರಲ್ಲಿ ಉಳಿದದ್ದು. ನಾನು ಮಾಡಿದ ಒಂದೊಂದು ತೂತನ್ನೂ ಮತ್ತೆ ಅಳೆದು ನೋಡುತ್ತಿದ್ದ ಮನುಷ್ಯ ಅದನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಇಪ್ಪತ್ತೈದು ಇರಬೇಕು. ಎಷ್ಟಿದೆ, ನೀನು ನೋಡಿ ಹೇಳಮ್ಮ."

ವರ್ನಿಯರ್ ಬಾಯಿ ಮುಚ್ಚಿದೆ, ಸೊನ್ನೆ ನೋಡಿದೆ, ಅವರಿಗೂ ತೋರಿಸಿದೆ. ಆಮೇಲೆ ಪಿನ್ನು ಅಳೆದೆ. ಇಪ್ಪತ್ನಾಲ್ಕು ಪಾಯಿಂಟ್ ಒಂಬತ್ತು. ಕುಂಕುಮದ ಪಾಯಿಂಟ್ ಒಂದು ಇಲ್ಲೂ ಇತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತಲೆಯಾಡಿಸಿ, ಇಟ್ಟಿಗೆ ಕಾರ್ಖಾನೆಯವನಿಗೆ ಫೋನ್ ಮಾಡಿ, ತಪ್ಪು ನನ್ನದೇ, ಸಂಜೆಯೊಳಗೆ ಬೇರೆ ಮಾಡಿಕೊಡುತ್ತೇನೆ ಎಂದರು. ಆಮೇಲೆ ಹೋಗಿ ಲೇತ್ ಹಾಕಿದರು.

ಆವತ್ತು ಅವರು ಆರು ಪಿನ್ನು ಮಾಡಿದರು. ಆರನ್ನೂ ಒಂದೊಂದಾಗಿ ತಂದು ನನ್ನ ಮೇಜಿನ ಮೇಲಿಟ್ಟು, ನಾನು ಅಳೆದು ಹೇಳುವವರೆಗೆ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.