ಗೋಡೆಯ ಮೇಲಿನ ಅಕ್ಷರ

ತಲೆಸುತ್ತೆಂದು ಹೋದಾಗ ಗಂಗಾವತಿಯ ಕಿವಿ ಡಾಕ್ಟರು ತಮ್ಮ ಮೂಗನ್ನೇ ನೋಡಲು ಹೇಳಿ, ನನ್ನ ತಲೆಯನ್ನು ಥಟ್ಟನೆ ತಿರುಗಿಸಿದರು. ಬಲಕ್ಕೆಂದೇ ನೆನಪು. ನನ್ನ ನೋಟ ಮೂಗಿನಿಂದ ಜಾರಿ, ಮತ್ತೆ ಜಿಗಿದು ಬಂತಂತೆ. ಒಳಗಿವಿಯಲ್ಲಿ ಸಮತೋಲ ಕಾಯುವ ಅರ್ಧವರ್ತುಲ ನಾಳ ಸೋತಿದೆ, ತಲೆ ತಿರುಗಿದ ಸುದ್ದಿ ಕಣ್ಣಿಗೆ ಸರಿಯಾಗಿ ಮುಟ್ಟುತ್ತಿಲ್ಲ ಎಂದರು. ಹೋಲಿಸಿ ತೋರಿಸಲೆಂದು ಜೊತೆಗಿದ್ದ ಹೆಂಡತಿಯ ತಲೆ ತಿರುಗಿಸಿದಾಗ ಅವಳ ನೋಟ ಮೂಗು ಬಿಟ್ಟು ಕದಲಲಿಲ್ಲ. ನನಗೆ ಹೊಟ್ಟೆ ಉರಿಯಿತು.

ಕುಷ್ಟಗಿಯ ಮನೆಯಲ್ಲಿ ಗೋಡೆಗೆ ಒಂದು ಅಕ್ಷರ ಅಂಟಿಸಿ, ಅದನ್ನೇ ನೋಡುತ್ತ ತಲೆ ಆಡಿಸುವುದು ನನ್ನ ವ್ಯಾಯಾಮ. ಅಕ್ಷರ ಕದಲದೆ ನಿಂತ ದಿನ ಬೈಕು ಮತ್ತೆ ನನ್ನ ಕೈಗೆ. ಅಲ್ಲಿಯವರೆಗೆ ಹೆಂಡತಿ ಓಡಿಸುತ್ತಾಳೆ, ನಾನು ಹಿಂದೆ ಕೂರುತ್ತೇನೆ.

ಒಂದು ಮುಂಜಾನೆ, “ನಿಂತೈತಿ!” ಎಂದೆ.

“ತಲಿ ನಿಧಾನ ಆಡಿಸಿದ್ರ ಯಾರಿಗರ ನಿಂದರತೈತ್ರಿ. ಜೋರ ಆಡಸ್ರಿ, ಮೇಷ್ಟ್ರ!” ಎಂದಳು ಹೆಂಡತಿ.

ಜೋರಾಗಿ ಆಡಿಸಿದೆ. ಅಕ್ಷರ ಕಲಸಿಹೋಯಿತು. ಅವಳು ನಗುತ್ತ ಬೈಕಿನ ಕೀಲಿ ತೆಗೆದುಕೊಂಡಳು.